ಬೀಟಾ 1.4 ಇರುವ ಷೇರಿನಿಂದ ಎಷ್ಟು ಪ್ರತಿಫಲ ನಿರೀಕ್ಷಿಸಬಹುದು?

ಪ್ರಶ್ನೆ: ನನ್ನ ಬಳಿ ಎರಡು ಕಂಪನಿಗಳ ಷೇರುಗಳಿವೆ. ಒಂದು ದೊಡ್ಡ ಹಣಕಾಸು ಕಂಪನಿ. ಬ್ರೋಕರ್ ಆ್ಯಪ್‌ನಲ್ಲಿ ಅದರ ಬೀಟಾ 1.4 ಎಂದಿದೆ. ಇನ್ನೊಂದು ಸಣ್ಣ ಔಷಧ ಕಂಪನಿ, ಬೀಟಾ 0.55. ಮಾರುಕಟ್ಟೆ ಶೇ 13 ಕೊಟ್ಟರೆ ಮೊದಲನೆಯದು 13 × 1.4, ಅಂದರೆ ಶೇ 18.2 ಕೊಡುತ್ತದೆ ಎಂದು ಸ್ನೇಹಿತರೊಬ್ಬರು ಹೇಳುತ್ತಾರೆ. ಆದರೆ ನನ್ನ ನಿದ್ದೆಗೆಡಿಸಿರುವುದು ಬೀಟಾ ಕಡಿಮೆ ಇರುವ ಷೇರೇ. ಸೂಚ್ಯಂಕ ಏರುತ್ತಿದ್ದ ವರ್ಷದಲ್ಲೇ ಅದು ಮೂರರಲ್ಲೊಂದು ಪಾಲು ಇಳಿಯಿತು. ಕಡಿಮೆ ಬೀಟಾ ಎಂದರೆ ಸುರಕ್ಷಿತ ಎಂದರ್ಥವಲ್ಲವೇ? ಅದನ್ನು ಮಾರಿ ಎಲ್ಲ ಹಣವನ್ನೂ ಮೊದಲನೆಯದಕ್ಕೆ ಹಾಕಬಹುದೇ? ಆರು ವರ್ಷಗಳ ನಂತರ ಮಗಳ ಓದಿಗೆ ಈ ಹಣ ಬೇಕಾಗುತ್ತದೆ.

ಉತ್ತರ: ಮೊದಲು ಗುಣಾಕಾರವನ್ನು ಸರಿಪಡಿಸಿಕೊಳ್ಳೋಣ. ಮಾರುಕಟ್ಟೆ ಅಲುಗಿದಾಗ ಒಂದು ಷೇರು ಸರಾಸರಿ ಅದರ ಎಷ್ಟು ಪಟ್ಟು ಅಲುಗುತ್ತದೆ ಎಂದು ಹೇಳುವ ಅಂಕಿಯೇ ಬೀಟಾ. ಬೀಟಾದಿಂದ ಗುಣಿಸಬೇಕಾದದ್ದು ಮಾರುಕಟ್ಟೆಯ ಪೂರ್ತಿ ಪ್ರತಿಫಲವನ್ನಲ್ಲ. ಅಪಾಯವೇ ಇಲ್ಲದ ಹೂಡಿಕೆಗಿಂತ ಮಾರುಕಟ್ಟೆ ಎಷ್ಟು ಹೆಚ್ಚು ಕೊಡಬಹುದೋ ಆ ಹೆಚ್ಚುವರಿಯನ್ನು ಮಾತ್ರ. ಈ ಹೆಚ್ಚುವರಿಗೆ ಮಾರುಕಟ್ಟೆಯ ರಿಸ್ಕ್ ಪ್ರೀಮಿಯಂ ಎನ್ನುತ್ತಾರೆ. ಕ್ಯಾಪಿಟಲ್ ಅಸೆಟ್ ಪ್ರೈಸಿಂಗ್ ಮಾಡೆಲ್, ಚಿಕ್ಕದಾಗಿ ಸಿಎಪಿಎಂ, ಹೇಳುವುದು ಇಷ್ಟು:

```
E(Ri) = Rf + β × (E(Rm) − Rf)
```

ಇಲ್ಲಿ E(Ri) ಷೇರಿನ ನಿರೀಕ್ಷಿತ ಪ್ರತಿಫಲ, E(Rm) ಮಾರುಕಟ್ಟೆಯ ನಿರೀಕ್ಷಿತ ಪ್ರತಿಫಲ, β ಎಂದರೆ ಬೀಟಾ, Rf ಎಂಬುದು ಅಪಾಯರಹಿತ ದರ. ಭಾರತದಲ್ಲಿ ಅಪಾಯರಹಿತ ದರಕ್ಕೆ ಸಾಮಾನ್ಯವಾಗಿ ಕೇಂದ್ರ ಸರ್ಕಾರದ 10 ವರ್ಷದ ಬಾಂಡ್ ಕೊಡುವ ದರವನ್ನು ತೆಗೆದುಕೊಳ್ಳುತ್ತಾರೆ. ಲೆಕ್ಕದ ಅನುಕೂಲಕ್ಕೆ ಅದನ್ನು ಶೇ 7 ಎಂದಿಟ್ಟುಕೊಳ್ಳೋಣ. ಮಾರುಕಟ್ಟೆಯಿಂದ ಶೇ 13 ನಿರೀಕ್ಷಿಸುತ್ತೇವೆ ಎಂದರೆ ಪ್ರೀಮಿಯಂ ಶೇ 6. ಆಗ ಹಣಕಾಸು ಕಂಪನಿಯ ನಿರೀಕ್ಷಿತ ಪ್ರತಿಫಲ 7 + 1.4 × 6, ಅಂದರೆ ಶೇ 15.4. ಔಷಧ ಕಂಪನಿಯದು 7 + 0.55 × 6, ಅಂದರೆ ಶೇ 10.3. ನಿಮ್ಮ ಸ್ನೇಹಿತರ ವಿಧಾನದಲ್ಲಿ ಇವೇ ಅಂಕಿಗಳು 18.2 ಮತ್ತು 7.15 ಎಂದು ಬರುತ್ತವೆ. ಬೀಟಾ ಹೆಚ್ಚಿರುವ ಷೇರು ಇರುವುದಕ್ಕಿಂತ ಆಕರ್ಷಕವಾಗಿಯೂ, ಬೀಟಾ ಕಡಿಮೆ ಇರುವ ಷೇರು ಇರುವುದಕ್ಕಿಂತ ನಿಷ್ಪ್ರಯೋಜಕವಾಗಿಯೂ ಕಾಣುತ್ತದೆ. ಆ ವಿಧಾನ ಎಲ್ಲಿ ತಪ್ಪುತ್ತದೆ ಎಂದು ನೋಡಲು ಅದಕ್ಕೆ ಬೀಟಾ ಸೊನ್ನೆ ಎಂದು ಹಾಕಿ ನೋಡಿ: ಪ್ರತಿಫಲವೂ ಸೊನ್ನೆ ಎಂದು ಬರುತ್ತದೆ. ಸರ್ಕಾರಿ ಬಾಂಡ್ ಶೇ 7 ಕೊಡುತ್ತಿರುವಾಗ ಸೊನ್ನೆ ಪ್ರತಿಫಲದ ಷೇರನ್ನು ಯಾರೂ ಇಟ್ಟುಕೊಳ್ಳುವುದಿಲ್ಲ.

ಇನ್ನು, ಕಡಿಮೆ ಬೀಟಾದ ಷೇರು ನಿಮ್ಮನ್ನು ಹೆಚ್ಚು ಹೆದರಿಸಿದ್ದೇಕೆ ಎಂಬುದಕ್ಕೆ ಬರೋಣ. ನಿಮ್ಮ ಪ್ರಶ್ನೆಯ ತಿರುಳು ಇದೇ ಎಂದು ನನಗೆ ತೋರುತ್ತದೆ. ಬೀಟಾ ಒಂದು ಷೇರಿನ ಒಟ್ಟು ಏರಿಳಿತವನ್ನು ಅಳೆಯುವುದಿಲ್ಲ. ಮಾರುಕಟ್ಟೆ ಅಲುಗಿದಾಗ ಆ ಷೇರು ಸರಾಸರಿ ಎಷ್ಟು ಅಲುಗುತ್ತದೆ ಎಂಬುದನ್ನಷ್ಟೇ ಅಳೆಯುತ್ತದೆ. ಅದರಲ್ಲಿ ಎರಡು ಸಂಗತಿಗಳು ಬೆರೆತಿವೆ. ಒಂದು, ಷೇರಿನ ಏರಿಳಿತ ಮಾರುಕಟ್ಟೆಯ ಏರಿಳಿತದ ಎಷ್ಟು ಪಟ್ಟು ಎಂಬುದು. ಇನ್ನೊಂದು, ಅವೆರಡೂ ಎಷ್ಟರಮಟ್ಟಿಗೆ ಜೊತೆಯಾಗಿ ಚಲಿಸುತ್ತವೆ ಎಂಬ ಸಹಸಂಬಂಧ. ಈ ಎರಡನ್ನೂ ಗುಣಿಸಿದರೆ ಬರುವುದೇ ಬೀಟಾ.

ನಿಮ್ಮಂಥ ಎರಡು ಷೇರುಗಳಿಗೆ ಅಂಕಿಗಳನ್ನು ಊಹಿಸಿಕೊಂಡು ನೋಡೋಣ. ಮಾರುಕಟ್ಟೆಯ ವಾರ್ಷಿಕ ಏರಿಳಿತ, ಅಂದರೆ ಪ್ರತಿಫಲದ ಮಾನಕ ವಿಚಲನೆ, ಶೇ 16 ಇರಲಿ. ಹಣಕಾಸು ಷೇರಿನದು ಶೇ 28, ಸಹಸಂಬಂಧ 0.8 ಇದ್ದರೆ ಬೀಟಾ 0.8 × 28 ÷ 16 = 1.4. ಔಷಧ ಷೇರಿನದು ಶೇ 44, ಸಹಸಂಬಂಧ ಬರೀ 0.2 ಇದ್ದರೆ ಬೀಟಾ 0.2 × 44 ÷ 16 = 0.55. ಎರಡನೆಯದು ಬಹಳ ಹೆಚ್ಚು ಜಿಗಿಯುವ ಷೇರು. ಆದರೆ ಅದರ ಜಿಗಿತಕ್ಕೂ ಮಾರುಕಟ್ಟೆಗೂ ಹೆಚ್ಚು ಸಂಬಂಧವಿಲ್ಲ. ಸಹಸಂಬಂಧದ ವರ್ಗ ತೆಗೆದರೆ 0.04 ಬರುತ್ತದೆ. ಆ ಷೇರಿನ ಪ್ರತಿಫಲದ ವ್ಯತ್ಯಾಸದಲ್ಲಿ ಶೇ 4ರಷ್ಟನ್ನು ಮಾತ್ರ ಮಾರುಕಟ್ಟೆ ವಿವರಿಸುತ್ತದೆ, ಉಳಿದ ಶೇ 96 ಆ ಕಂಪನಿಯ ಅಥವಾ ಆ ಉದ್ಯಮದ ಸ್ವಂತ ಕಾರಣಗಳದ್ದು ಎಂದು ಇದರ ಅರ್ಥ. ಅಮೆರಿಕದ ಔಷಧ ನಿಯಂತ್ರಕರು ಕಾರ್ಖಾನೆಯ ತಪಾಸಣೆಯಲ್ಲಿ ಲೋಪ ಗುರುತಿಸಬಹುದು, ಒಂದು ಮುಖ್ಯ ಔಷಧದ ಬೆಲೆ ಕುಸಿಯಬಹುದು, ಪ್ರವರ್ತಕರು ಅಡವಿಟ್ಟ ಷೇರುಗಳು ಮಾರಾಟವಾಗಬಹುದು. ಇವು ಯಾವುವೂ ನಿಫ್ಟಿಯ ಏರಿಳಿತವನ್ನು ಕಾಯ್ದು ಬರುವುದಿಲ್ಲ. ಹಾಗಾಗಿ ಸೂಚ್ಯಂಕ ಏರಿದ ವರ್ಷದಲ್ಲೇ ಅದು ಮೂರರಲ್ಲೊಂದು ಪಾಲು ಇಳಿದಿದ್ದಕ್ಕೂ ಅದರ ಬೀಟಾ 0.55 ಎಂಬುದಕ್ಕೂ ವಿರೋಧವೇನಿಲ್ಲ.

ಹಾಗಾದರೆ ಇಷ್ಟೊಂದು ಜಿಗಿಯುವ ಷೇರಿಗೆ ಕೇವಲ ಶೇ 10.3 ಪ್ರತಿಫಲ ಸಾಕೆಂದು ಈ ಮಾದರಿ ಹೇಳುವುದೇಕೆ? ಹ್ಯಾರಿ ಮಾರ್ಕೊವಿಟ್ಜ್ 1952ರಲ್ಲಿ ತೋರಿಸಿದ ಒಂದು ಸಂಗತಿಯ ಮೇಲೆ ಇದು ನಿಂತಿದೆ. ಹೂಡಿಕೆದಾರ ನೋಡಬೇಕಾದದ್ದು ಒಂದು ಷೇರಿನ ಬಿಡಿ ಏರಿಳಿತವನ್ನಲ್ಲ, ತನ್ನ ಇಡೀ ಹೂಡಿಕೆಯ ಏರಿಳಿತಕ್ಕೆ ಅದು ಎಷ್ಟನ್ನು ಸೇರಿಸುತ್ತದೆ ಎಂಬುದನ್ನು. ವಿಲಿಯಂ ಶಾರ್ಪ್ 1964ರಲ್ಲಿ, ಜಾನ್ ಲಿಂಟ್ನರ್ 1965ರಲ್ಲಿ, ಇದೇ ಮಾತನ್ನು ಇಡೀ ಮಾರುಕಟ್ಟೆಗೆ ಅನ್ವಯಿಸಿ ಬೀಟಾ ಮತ್ತು ಪ್ರತಿಫಲದ ನಡುವಿನ ಈ ನೇರ ಸಂಬಂಧವನ್ನು ಪಡೆದರು.

ಔಷಧ ಷೇರಿನ ಶೇ 44ರ ಏರಿಳಿತವನ್ನು ಬಿಡಿಸಿದರೆ ಮಾರುಕಟ್ಟೆಯಿಂದ ಬಂದ ಭಾಗ 0.55 × 16 = ಶೇ 8.8, ಸ್ವಂತ ಕಾರಣಗಳ ಭಾಗ ಸುಮಾರು ಶೇ 43. (ಇವನ್ನು ನೇರವಾಗಿ ಕೂಡಿಸಬಾರದು, ಎರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ 44 ಬರುತ್ತದೆ.) ಈಗ ಒಂದರ ಬದಲು, ಇದೇ ಗುಣದ, ಆದರೆ ತಮ್ಮ ಸ್ವಂತ ಕಾರಣಗಳಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ 25 ಕಂಪನಿಗಳಲ್ಲಿ ಹಣವನ್ನು ಸಮನಾಗಿ ಹಂಚಿದರೆಂದುಕೊಳ್ಳಿ. ಒಂದಕ್ಕೆ ಕೆಟ್ಟ ಸುದ್ದಿ ಬಂದಾಗ ಇನ್ನೊಂದಕ್ಕೆ ಒಳ್ಳೆಯ ಸುದ್ದಿ ಬಂದಿರುತ್ತದೆ. ಆದ್ದರಿಂದ ಆ ಶೇ 43ರ ಭಾಗವು 25ರ ವರ್ಗಮೂಲವಾದ 5ರಿಂದ ಭಾಗವಾಗಿ ಸುಮಾರು ಶೇ 8.6ಕ್ಕೆ ಇಳಿಯುತ್ತದೆ. ಮಾರುಕಟ್ಟೆಯ ಭಾಗ ಮಾತ್ರ ಶೇ 8.8ರಲ್ಲೇ ನಿಲ್ಲುತ್ತದೆ, ಏಕೆಂದರೆ ಅದು 25 ಕಂಪನಿಗಳಿಗೂ ಒಟ್ಟಿಗೇ ತಟ್ಟುತ್ತದೆ. ಒಟ್ಟು ಏರಿಳಿತ 44ರಿಂದ ಸುಮಾರು 12ಕ್ಕೆ ಬಂತು, ನಿರೀಕ್ಷಿತ ಪ್ರತಿಫಲ ಮಾತ್ರ ಅದೇ ಶೇ 10.3.

ಇಷ್ಟು ಸುಲಭವಾಗಿ, ಖರ್ಚಿಲ್ಲದೆ ಕಳೆದುಕೊಳ್ಳಬಹುದಾದ ಅಪಾಯಕ್ಕೆ ಮಾರುಕಟ್ಟೆ ಸಂಭಾವನೆ ಕೊಡುವುದಿಲ್ಲ. ಔಷಧ ಷೇರು ತನ್ನ ಸ್ವಂತ ಜಿಗಿತದ ಕಾರಣಕ್ಕೇ ಅಗ್ಗವಾಗಿ ಸಿಗುತ್ತಿದ್ದರೆ, ನೂರಾರು ಷೇರುಗಳನ್ನು ಇಟ್ಟುಕೊಂಡಿರುವ ಮ್ಯೂಚುವಲ್ ಫಂಡ್‌ಗಳು ಮತ್ತು ವಿಮಾ ಸಂಸ್ಥೆಗಳಿಗೆ ಆ ಜಿಗಿತ ತಟ್ಟುವುದೇ ಇಲ್ಲವಾದ್ದರಿಂದ ಅವು ಅದನ್ನು ಕೊಳ್ಳುತ್ತಾ ಹೋಗುತ್ತವೆ. ಬೆಲೆ ಏರಿ, ಮುಂದಿನ ಪ್ರತಿಫಲ ಇಳಿದು, ಅದು ಬೀಟಾಗೆ ತಕ್ಕ ಮಟ್ಟಕ್ಕೆ ಬರುತ್ತದೆ. ಮಾರುಕಟ್ಟೆಯ ಅಪಾಯದ ವಿಷಯ ಬೇರೆ. ಅದನ್ನು ಯಾರಾದರೂ ಹೊರಲೇಬೇಕು. ನಿಫ್ಟಿ 2020ರ ಜನವರಿಯ ಮಧ್ಯದಿಂದ ಮಾರ್ಚ್ 23ರ ನಡುವೆ ಸುಮಾರು ಶೇ 38 ಇಳಿದಾಗ ಷೇರುಗಳನ್ನು ಎಷ್ಟು ಹಂಚಿಟ್ಟಿದ್ದರೂ ಪ್ರಯೋಜನವಾಗಲಿಲ್ಲ. ಸಂಬಳ ಕಡಿತವಾಗಿ, ವ್ಯಾಪಾರ ನಿಂತು, ಜನರಿಗೆ ಹಣ ಅತ್ಯಗತ್ಯವಾಗಿದ್ದ ಹೊತ್ತಿನಲ್ಲೇ ಷೇರುಗಳೂ ಕುಸಿದಿದ್ದವು. ಅಂಥ ಹೊತ್ತಿನಲ್ಲಿ ಇನ್ನೂ ಹೆಚ್ಚು ಕುಸಿಯುವ ಷೇರನ್ನು ಇಟ್ಟುಕೊಳ್ಳಲು ಜನ ಹೆಚ್ಚಿನ ಪ್ರತಿಫಲ ಕೇಳುತ್ತಾರೆ. ಪ್ರೀಮಿಯಂ ಎಂಬುದರ ಮೂಲ ಇದೇ.

ಇದರಿಂದ ನಿಮ್ಮ ಔಷಧ ಷೇರಿನ ಬಗ್ಗೆ ಒಂದು ಕಠಿಣ ತೀರ್ಮಾನ ಹೊರಡುತ್ತದೆ. 100 ರೂಪಾಯಿಯಲ್ಲಿ 55 ರೂಪಾಯಿಯನ್ನು ಸೂಚ್ಯಂಕವನ್ನೇ ಹಿಂಬಾಲಿಸುವ ಇಂಡೆಕ್ಸ್ ಫಂಡ್‌ಗೂ 45 ರೂಪಾಯಿಯನ್ನು ಸರ್ಕಾರಿ ಬಾಂಡ್‌ಗೂ ಹಾಕಿದರೆ ಆ ಹೂಡಿಕೆಯ ಬೀಟಾ ಕೂಡ 0.55. ನಿರೀಕ್ಷಿತ ಪ್ರತಿಫಲ 0.55 × 13 + 0.45 × 7, ಅದೂ ಶೇ 10.3. ಆದರೆ ಏರಿಳಿತ ಸುಮಾರು ಶೇ 8.8 ಮಾತ್ರ. ಅದೇ ನಿರೀಕ್ಷೆಗಾಗಿ ನೀವು ಈಗ ಐದು ಪಟ್ಟು ಏರಿಳಿತವನ್ನು ಹೊರುತ್ತಿದ್ದೀರಿ. ಆ ಕಂಪನಿಯ ಬಗ್ಗೆ ಮಾರುಕಟ್ಟೆಗೆ ತಿಳಿಯದ ಒಳ್ಳೆಯ ಸಂಗತಿ ನಿಮಗೆ ತಿಳಿದಿದ್ದರೆ ಅದು ಬೇರೆ ಮಾತು. ಇಲ್ಲದಿದ್ದರೆ ಆ ಹೆಚ್ಚಿನ ಭಾರಕ್ಕೆ ಕೂಲಿ ಇಲ್ಲ.

ಇಷ್ಟು ಹೇಳಿದ ಮೇಲೆ, ಆ್ಯಪ್‌ನಲ್ಲಿ ಕಾಣುವ ಬೀಟಾವನ್ನು ಎಷ್ಟು ನಂಬಬಹುದು ಎಂಬುದನ್ನೂ ಹೇಳಲೇಬೇಕು. ನನ್ನ ಕೆಲಸದ ಹೆಚ್ಚಿನ ಹೊತ್ತು ಹೋಗುವುದು ಇದರ ಹಿಂದೆಯೇ. ನೀವೇ ಲೆಕ್ಕ ಹಾಕಬೇಕಾದರೆ, ಐದು ವರ್ಷಗಳ 60 ಮಾಸಿಕ ಪ್ರತಿಫಲಗಳನ್ನು, ಷೇರಿನದನ್ನು ಒಂದು ಕಾಲಂನಲ್ಲಿ ಮತ್ತು ಸೂಚ್ಯಂಕದ್ದನ್ನು ಇನ್ನೊಂದು ಕಾಲಂನಲ್ಲಿ, ಎಕ್ಸೆಲ್‌ಗೆ ಹಾಕಿ ಇಳಿಜಾರು ಕಂಡುಹಿಡಿದರೆ ಸಾಕು:

```
=SLOPE(B2:B61,C2:C61)
```

ಇಲ್ಲಿ B ಕಾಲಂ ಷೇರಿನದು, C ಕಾಲಂ ಸೂಚ್ಯಂಕದ್ದು. ಬೋನಸ್ ಮತ್ತು ಷೇರು ವಿಭಜನೆಗೆ ಹೊಂದಿಸಿದ ಬೆಲೆಗಳನ್ನೇ ಬಳಸಬೇಕು. ಒಂದಕ್ಕೆ ಒಂದು ಬೋನಸ್ ಕೊಟ್ಟ ತಿಂಗಳಲ್ಲಿ ಹೊಂದಿಸದ ಬೆಲೆ ಅರ್ಧಕ್ಕೆ ಇಳಿದಂತೆ ಕಂಡು ಇಡೀ ಲೆಕ್ಕ ಕೆಡುತ್ತದೆ.

ಹೀಗೆ ಬಂದ ಬೀಟಾ ಒಂದು ಅಂದಾಜು, ಅದಕ್ಕೆ ತನ್ನದೇ ಆದ ಅನಿಶ್ಚಿತತೆ ಇದೆ. ಮೇಲಿನ ಅಂಕಿಗಳಿಗೇ ಹೇಳುವುದಾದರೆ, 60 ತಿಂಗಳ ಲೆಕ್ಕದಲ್ಲಿ ಔಷಧ ಷೇರಿನ ಬೀಟಾದ ಮಾನಕ ದೋಷ, ಅಂದರೆ ಅಂದಾಜು ನಿಜದಿಂದ ಸಾಮಾನ್ಯವಾಗಿ ಎಷ್ಟು ದೂರ ಹೋಗಬಹುದು ಎಂಬ ಅಳತೆ, ಸುಮಾರು 0.35. ಎರಡೂ ಕಡೆ ಅದರ ಎರಡು ಪಟ್ಟು ಬಿಟ್ಟುಕೊಂಡರೆ ನಿಜವಾದ ಬೀಟಾ ಸೊನ್ನೆಗಿಂತ ತುಸು ಕೆಳಗಿನಿಂದ 1.25ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಹಣಕಾಸು ಷೇರಿನ ಮಾನಕ ದೋಷ 0.14ರ ಆಸುಪಾಸು, ಅದರ ಬೀಟಾ 1.1ರಿಂದ 1.7ರೊಳಗೆ ಇದೆ ಎನ್ನಬಹುದು. ಅಂದರೆ ಹಣಕಾಸು ಷೇರಿನ ಬೀಟಾ 1ಕ್ಕಿಂತ ಹೆಚ್ಚು ಎಂದು ಧೈರ್ಯವಾಗಿ ಹೇಳಬಹುದು, ಔಷಧ ಷೇರಿನದು 1ಕ್ಕಿಂತ ಕಡಿಮೆ ಎಂದು ಅಷ್ಟೇ ಧೈರ್ಯದಿಂದ ಹೇಳಲಾಗದು.

ಸಣ್ಣ ಷೇರುಗಳಲ್ಲಿ ಇನ್ನೊಂದು ತೊಡಕಿದೆ, ಅದು ಯಾವಾಗಲೂ ಒಂದೇ ದಿಕ್ಕಿಗೆ ಎಳೆಯುತ್ತದೆ. ವಹಿವಾಟು ತೆಳುವಾಗಿರುವ ಷೇರಿನಲ್ಲಿ ಮಾರುಕಟ್ಟೆಯ ಸುದ್ದಿ ಅದೇ ದಿನ ಬೆಲೆಗೆ ಇಳಿಯುವುದಿಲ್ಲ. ಒಂದು ದಿನದಲ್ಲಿ ಬೆಲೆ ಇಳಿಯಬಹುದಾದ ಮಿತಿ ಮುಟ್ಟಿ ಲೋವರ್ ಸರ್ಕ್ಯೂಟ್ ಬಿದ್ದರೆ ಕೊಳ್ಳುವವರಿಲ್ಲದೆ ಮಾರುವವರ ಸಾಲು ನಿಂತಿರುತ್ತದೆ, ಉಳಿದ ಇಳಿತ ಮರುದಿನಕ್ಕೆ, ಅದರ ಮರುದಿನಕ್ಕೆ ಹೋಗುತ್ತದೆ. ದಿನದ ಪ್ರತಿಫಲಗಳಿಂದ ಲೆಕ್ಕ ಹಾಕಿದ ಬೀಟಾ ಆಗ ನಿಜಕ್ಕಿಂತ ಕಡಿಮೆ ಬರುತ್ತದೆ. ಇದನ್ನು ಪತ್ತೆ ಮಾಡುವುದು ಕಷ್ಟವಲ್ಲ: ಅದೇ ಷೇರಿಗೆ ದಿನದ, ವಾರದ, ತಿಂಗಳ ಪ್ರತಿಫಲಗಳಿಂದ ಬೇರೆ ಬೇರೆಯಾಗಿ ಬೀಟಾ ತೆಗೆಯಿರಿ. ಅವಧಿ ಹೆಚ್ಚಿದಂತೆ ಬೀಟಾ ಏರುತ್ತಾ ಹೋದರೆ ಆ್ಯಪ್ ತೋರಿಸುತ್ತಿರುವ ಕಡಿಮೆ ಬೀಟಾ ಬಹುಪಾಲು ತೆಳು ವಹಿವಾಟಿನ ಫಲ.

1ಕ್ಕಿಂತ ಬಹಳ ಹೆಚ್ಚು ಅಥವಾ ಬಹಳ ಕಡಿಮೆ ಎಂದು ಅಳೆಯಲಾದ ಬೀಟಾಗಳು ಮುಂದಿನ ಅವಧಿಯಲ್ಲಿ 1ರ ಕಡೆಗೆ ವಾಲುತ್ತವೆ ಎಂಬುದನ್ನು ಮಾರ್ಷಲ್ ಬ್ಲೂಮ್ 1970ರ ದಶಕದಲ್ಲಿ ತೋರಿಸಿದರು. ಅಳೆದ ಬೀಟಾಗೆ ಮೂರರಲ್ಲಿ ಎರಡು ಪಾಲು, 1ಕ್ಕೆ ಮೂರರಲ್ಲಿ ಒಂದು ಪಾಲು ತೂಕ ಕೊಡುವ ರೂಢಿ ಅಲ್ಲಿಂದ ಬಂದದ್ದು. ಹಾಗೆ ಮಾಡಿದರೆ ನಿಮ್ಮ 1.4 ಎಂಬುದು 1.27 ಆಗುತ್ತದೆ, 0.55 ಎಂಬುದು 0.70 ಆಗುತ್ತದೆ. ನಿರೀಕ್ಷಿತ ಪ್ರತಿಫಲಗಳು ಕ್ರಮವಾಗಿ ಶೇ 14.6 ಮತ್ತು 11.2. ಎರಡರ ನಡುವಿನ ಅಂತರ ಸ್ನೇಹಿತರ ಲೆಕ್ಕದ 11 ಶೇಕಡಾ ಅಂಶಗಳಿಂದ ಮೂರೂವರೆಗಿಂತ ಕೆಳಗೆ ಇಳಿಯಿತು. ನಾನು ಬಳಸುವುದು ಈ ಅಂಕಿಗಳನ್ನೇ.

ಪ್ರೀಮಿಯಂ ಶೇ 6 ಎಂದು ನಾನು ಸಲೀಸಾಗಿ ಬರೆದದ್ದು ಕೂಡ ಪ್ರಶ್ನೆಗೆ ಒಳಗಾಗಬೇಕಾದದ್ದೇ. ಅದು ಎಲ್ಲಿಯೂ ಬೆಲೆಪಟ್ಟಿಯಲ್ಲಿ ಸಿಗುವ ಅಂಕಿಯಲ್ಲ. ಹಳೆಯ ಪ್ರತಿಫಲಗಳ ಸರಾಸರಿಯಿಂದ ತೆಗೆಯೋಣವೆಂದರೆ, ವರ್ಷಕ್ಕೆ ಶೇ 16 ಏರಿಳಿಯುವ ಮಾರುಕಟ್ಟೆಯ 25 ವರ್ಷಗಳ ಸರಾಸರಿಗೂ ಶೇ 3.2ರಷ್ಟು ಮಾನಕ ದೋಷ ಇರುತ್ತದೆ. ಸರಾಸರಿ 6 ಎಂದು ಬಂದರೆ ನಿಜವಾದದ್ದು ಸೊನ್ನೆಯ ಹತ್ತಿರದಿಂದ 12ರವರೆಗೆ ಇರಬಹುದು. ಅದಕ್ಕೇ ವೃತ್ತಿಯಲ್ಲಿರುವವರು ಸಾಮಾನ್ಯವಾಗಿ ಒಂದೇ ಅಂಕಿಗೆ ಅಂಟಿಕೊಳ್ಳದೆ 5, 6, 7 ಹೀಗೆ ಹಾಕಿ ಫಲಿತಾಂಶ ಎಷ್ಟು ಅಲುಗುತ್ತದೆ ಎಂದು ನೋಡುತ್ತಾರೆ. ಬೀಟಾ ಹೆಚ್ಚಿದಷ್ಟೂ ಈ ಅಲುಗಾಟ ಹೆಚ್ಚು. ನಿರೀಕ್ಷಿತ ಪ್ರೀಮಿಯಂ ಧನಾತ್ಮಕವೇ ಆದರೂ ಕೈಗೆ ಬಂದ ಪ್ರೀಮಿಯಂ ಹಾಗಿರಬೇಕೆಂದಿಲ್ಲ. 2008ರಲ್ಲಿ ಸೆನ್ಸೆಕ್ಸ್ ಅರ್ಧಕ್ಕಿಂತ ಹೆಚ್ಚು ಕಳೆದುಕೊಂಡಿತು, ಅಂಥ ವರ್ಷದಲ್ಲಿ ಹೆಚ್ಚಿನ ಬೀಟಾ ಎಂದರೆ ಹೆಚ್ಚಿನ ನಷ್ಟ.

ಹೆಚ್ಚು ಬೀಟಾ ಇದ್ದರೆ ದೀರ್ಘಾವಧಿಯಲ್ಲಾದರೂ ಹೆಚ್ಚು ಪ್ರತಿಫಲ ಖಚಿತವೇ ಎಂದರೆ, ದಾಖಲೆಗಳು ಮಾದರಿಯಷ್ಟು ಉದಾರವಾಗಿಲ್ಲ. ಫಿಷರ್ ಬ್ಲಾಕ್, ಮೈಕೆಲ್ ಜೆನ್ಸನ್, ಮೈರನ್ ಶೋಲ್ಸ್ ಅಮೆರಿಕದ ಷೇರುಗಳನ್ನು ಪರೀಕ್ಷಿಸಿ 1972ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೀಟಾ ಏರಿದಂತೆ ಪ್ರತಿಫಲ ಏರಿದ್ದು ನಿಜವಾದರೂ ಮಾದರಿ ಹೇಳಿದ್ದಕ್ಕಿಂತ ಕಡಿಮೆ ಇಳಿಜಾರಿನಲ್ಲಿ ಏರಿತ್ತು. ಕಡಿಮೆ ಬೀಟಾದ ಷೇರುಗಳು ಮಾದರಿಗಿಂತ ಹೆಚ್ಚು ಕೊಟ್ಟಿದ್ದವು, ಹೆಚ್ಚು ಬೀಟಾದವು ಕಡಿಮೆ ಕೊಟ್ಟಿದ್ದವು. 1992ರಲ್ಲಿ ಯೂಜೀನ್ ಫಾಮಾ ಮತ್ತು ಕೆನೆತ್ ಫ್ರೆಂಚ್, ಕಂಪನಿಯ ಗಾತ್ರವನ್ನು ಗಣನೆಗೆ ತೆಗೆದುಕೊಂಡರೆ 1963ರಿಂದ 1990ರ ಅವಧಿಯಲ್ಲಿ ಆ ಸಂಬಂಧ ಬಹುತೇಕ ಚಪ್ಪಟೆ ಎಂದು ತೋರಿಸಿದರು. ಒಂದು ಕಾರಣ ಮಾದರಿಯ ಊಹೆಯಲ್ಲೇ ಇದೆ. ಅಪಾಯರಹಿತ ದರದಲ್ಲೇ ಎಲ್ಲರೂ ಎಷ್ಟು ಬೇಕಾದರೂ ಸಾಲ ಪಡೆಯಬಹುದು ಎಂದು ಅದು ಭಾವಿಸುತ್ತದೆ. ವಾಸ್ತವದಲ್ಲಿ ಅಷ್ಟು ಅಗ್ಗದ ಸಾಲ ಸಿಗದವರು ಹೆಚ್ಚಿನ ಪ್ರತಿಫಲ ಬೇಕೆಂದಾಗ ಹೆಚ್ಚು ಬೀಟಾದ ಷೇರುಗಳನ್ನೇ ಕೊಳ್ಳುತ್ತಾರೆ, ಅವುಗಳ ಬೆಲೆ ಉಬ್ಬುತ್ತದೆ, ಮುಂದಿನ ಪ್ರತಿಫಲ ಕುಗ್ಗುತ್ತದೆ. ನಿಮ್ಮ ಸ್ನೇಹಿತರ ಸಲಹೆ ನಿಮ್ಮನ್ನು ಕರೆದೊಯ್ಯುತ್ತಿರುವುದು ಆ ಗುಂಪಿಗೇ.

ಆದ್ದರಿಂದ ಶೇ 15.4 ಎಂಬುದನ್ನು ಮುನ್ಸೂಚನೆ ಎಂದು ಓದಬೇಡಿ. ಇಷ್ಟು ಮಾರುಕಟ್ಟೆ ಅಪಾಯ ಹೊರುವವನು ಕೇಳಬೇಕಾದ ಕನಿಷ್ಠ ದರ ಎಂದು ಓದಿ. ವೃತ್ತಿಯಲ್ಲಿ ಇದರ ಬಳಕೆ ಹೀಗೆಯೇ. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ಶುಲ್ಕಗಳನ್ನು ನಿಗದಿಪಡಿಸುವ ವಿಮಾನ ನಿಲ್ದಾಣಗಳ ಆರ್ಥಿಕ ನಿಯಂತ್ರಣ ಪ್ರಾಧಿಕಾರ ಕೂಡ, ಷೇರುದಾರರ ಬಂಡವಾಳಕ್ಕೆ ಎಷ್ಟು ಪ್ರತಿಫಲ ನ್ಯಾಯ ಎಂದು ನಿರ್ಧರಿಸಲು ಸಿಎಪಿಎಂ ಅನ್ನೇ ಆಧರಿಸುತ್ತದೆ. ಅಲ್ಲಿಯೂ ವಾದ ನಡೆಯುವುದು ಸೂತ್ರದ ಬಗ್ಗೆ ಅಲ್ಲ, ಅದರೊಳಗೆ ಹಾಕುವ ಬೀಟಾ ಮತ್ತು ಪ್ರೀಮಿಯಂ ಬಗ್ಗೆ.

ಈಗ ನಿಮ್ಮ ಮುಂದಿರುವ ದಾರಿಗಳು. ಎಲ್ಲ ಹಣವನ್ನೂ ಹಣಕಾಸು ಷೇರಿಗೆ ಹಾಕುವುದನ್ನು ನಾನು ಒಪ್ಪಲಾರೆ. ಅದರ ಶೇ 28ರ ಏರಿಳಿತದಲ್ಲಿ ಮಾರುಕಟ್ಟೆಯ ಭಾಗ ಶೇ 22.4, ಉಳಿದ ಶೇ 16.8 ಆ ಕಂಪನಿಯದೇ ವಸೂಲಾಗದ ಸಾಲ, ಆಡಳಿತ, ನಿಯಂತ್ರಕರ ಕ್ರಮ ಇತ್ಯಾದಿ, ಅದಕ್ಕೆ ಸಂಭಾವನೆ ಇಲ್ಲ. ಮಾರುಕಟ್ಟೆಯ ಭಾಗವನ್ನಷ್ಟೇ ನೋಡಿದರೂ, 2020ರಂತೆ ಸೂಚ್ಯಂಕ ಶೇ 38 ಇಳಿದರೆ ಬೀಟಾ 1.4ರ ಷೇರು ಸರಾಸರಿ ಶೇ 53 ಇಳಿಯಬೇಕು. ಅದು ಐದನೆಯ ವರ್ಷದಲ್ಲಿ ಆದರೆ ಉಳಿದ 47 ರೂಪಾಯಿ ಮತ್ತೆ 100 ಆಗಲು ದುಪ್ಪಟ್ಟಿಗಿಂತ ಹೆಚ್ಚಾಗಬೇಕು, ಮಗಳ ಕಾಲೇಜು ಶುಲ್ಕದ ದಿನಾಂಕ ಅದಕ್ಕಾಗಿ ಕಾಯುವುದಿಲ್ಲ. ಎರಡನ್ನೂ ಹಾಗೆಯೇ ಇಟ್ಟುಕೊಂಡರೆ ಸ್ವಂತ ಅಪಾಯ ಸ್ವಲ್ಪ ಹಂಚಿಹೋಗುತ್ತದೆ, ಆದರೆ ಎರಡು ಕಂಪನಿ ಬಹಳ ಕಡಿಮೆ.

ನನ್ನ ಸಲಹೆ, ನಿಮಗೆ ಬೇಕಾದ ಬೀಟಾವನ್ನು ಮೊದಲು ನಿರ್ಧರಿಸಿ, ಅದನ್ನು ಇಂಡೆಕ್ಸ್ ಫಂಡ್ ಮತ್ತು ಸರ್ಕಾರಿ ಬಾಂಡ್‌ಗಳ ಪ್ರಮಾಣದಿಂದ ಕಟ್ಟಿಕೊಳ್ಳಿ. 70 ರೂಪಾಯಿ ಸೂಚ್ಯಂಕಕ್ಕೆ, 30 ಬಾಂಡ್‌ಗೆ ಎಂದರೆ ಬೀಟಾ 0.7, ನಿರೀಕ್ಷೆ ಶೇ 11.2, ಏರಿಳಿತ ಸುಮಾರು ಶೇ 11. ಆರು ವರ್ಷದ ಗುರಿ ಹತ್ತಿರವಾದಂತೆ ಬಾಂಡ್‌ನ ಪಾಲನ್ನು ಹೆಚ್ಚಿಸಿ ಬೀಟಾ ಇಳಿಸುತ್ತಾ ಹೋಗಬಹುದು. ಎರಡು ಷೇರುಗಳನ್ನು ಇಟ್ಟುಕೊಂಡು ಇದನ್ನು ಮಾಡುವುದು ಕಷ್ಟ. ಇಲ್ಲಿಯೂ ಅಪಾಯ ಇಲ್ಲದಿಲ್ಲ. ಸೂಚ್ಯಂಕ ಕುಸಿದರೆ ಅದರ 0.7ರಷ್ಟು ಪೆಟ್ಟು ನಿಮಗೂ ಬೀಳುತ್ತದೆ, ಬಡ್ಡಿ ದರ ಏರಿದರೆ ದೀರ್ಘಾವಧಿ ಬಾಂಡ್‌ನ ಬೆಲೆ ಇಳಿಯುತ್ತದೆ. ಆದ್ದರಿಂದ ಬಾಂಡ್‌ನ ಅವಧಿ ಗುರಿಯ ವರ್ಷಕ್ಕೆ ಹೊಂದುವಂತಿರಲಿ.

ಹಣಕಾಸು ಕಂಪನಿಯ ಬಗ್ಗೆ ನಿಮಗೆ ನಿಜವಾದ ವಿಶ್ವಾಸವಿದ್ದರೆ ಒಂದು ಸಣ್ಣ ಪಾಲನ್ನು ಉಳಿಸಿಕೊಳ್ಳಿ. ಅದಕ್ಕೆ ಮೊದಲು, ಮುಂದಿನ ವರ್ಷಗಳಲ್ಲಿ ಅದರ ಲಾಭ ಮತ್ತು ಲಾಭಾಂಶ ಎಷ್ಟು ಬೆಳೆಯಬಹುದು ಎಂದು ನೀವೇ ಅಂದಾಜಿಸಿ, ಇಂದಿನ ಬೆಲೆಯಲ್ಲಿ ಅದು ವರ್ಷಕ್ಕೆ ಶೇ 15ರಷ್ಟು ಪ್ರತಿಫಲಕ್ಕೆ ದಾರಿ ಮಾಡುತ್ತದೆಯೇ ಎಂದು ನೋಡಿ. ಮಾಡದಿದ್ದರೆ ಬೀಟಾ ಎಷ್ಟೇ ಇದ್ದರೂ ಆ ಬೆಲೆಗೆ ಅದು ದುಬಾರಿ. ಸಾಲ ಮಾಡಿ ಬೀಟಾ ಏರಿಸುವ ಮಾತು ಯಾರಾದರೂ ಆಡಿದರೆ, ಶೇ 10.5 ಬಡ್ಡಿಗೆ 40 ರೂಪಾಯಿ ಪಡೆದು 140 ರೂಪಾಯಿ ಸೂಚ್ಯಂಕಕ್ಕೆ ಹಾಕಿದಾಗ ನಿರೀಕ್ಷೆ 18.2 ಕಳೆ 4.2, ಅಂದರೆ ಶೇ 14 ಮಾತ್ರ ಎಂದೂ, ಕುಸಿತದ ಹೊತ್ತಿನಲ್ಲಿ ಮಾರ್ಜಿನ್ ಹಣ ಕೇಳಿ ಬ್ರೋಕರ್ ಷೇರು ಮಾರಿಬಿಡಬಹುದೆಂದೂ ನೆನಪಿಡಿ.

ಔಷಧ ಷೇರನ್ನು ಮಾರುವಾಗ ಅವಸರ ಬೇಡ. ವಹಿವಾಟು ತೆಳುವಾಗಿದ್ದರೆ ಮಾರ್ಕೆಟ್ ಆರ್ಡರ್ ಬದಲು ಬೆಲೆ ನಮೂದಿಸಿ ಲಿಮಿಟ್ ಆರ್ಡರ್‌ನಲ್ಲಿ, ಹಲವು ಕಂತುಗಳಲ್ಲಿ ಮಾರಿ. ಲಾಭದಲ್ಲಿದ್ದು, ಕೊಂಡು 12 ತಿಂಗಳು ದಾಟಿದ್ದರೆ, ಈಗಿನ ನಿಯಮದಂತೆ ಒಂದು ಹಣಕಾಸು ವರ್ಷದಲ್ಲಿ 1.25 ಲಕ್ಷ ರೂಪಾಯಿ ಮೀರಿದ ದೀರ್ಘಾವಧಿ ಲಾಭಕ್ಕೆ ಶೇ 12.5 ತೆರಿಗೆ ಇದೆ. ಒಂದಷ್ಟನ್ನು ಮಾರ್ಚ್‌ನಲ್ಲಿ, ಉಳಿದದ್ದನ್ನು ಏಪ್ರಿಲ್‌ನಲ್ಲಿ ಮಾರಿದರೆ ಎರಡು ವರ್ಷಗಳ ವಿನಾಯಿತಿಯೂ ನಿಮಗೆ ಸಿಗುತ್ತದೆ.